ಐದು ಕೆಜಿ ಜಾಬಿಗೆ ಇಪ್ಪತ್ತೈದು ಕೆಜಿ ಉಕ್ಕು

ಯಂತ್ರಭಾಗವೊಂದರ ಮಾಡೆಲ್ ಕಂಪ್ಯೂಟರಿನಲ್ಲಿ ಮುಗಿಯುತ್ತಿದ್ದಂತೆ ಅದರ ತೂಕವೂ ಸಿದ್ಧವಾಗಿರುತ್ತದೆ. ಸಾಫ್ಟ್‌ವೇರು ಆಕಾರದ ಘನಫಲವನ್ನು ಲೆಕ್ಕಹಾಕಿ, ಲೋಹದ ಸಾಂದ್ರತೆಯಿಂದ ಗುಣಿಸಿ, ಗ್ರಾಮಿನವರೆಗೆ ತೂಕ ಹೇಳುತ್ತದೆ. ಆ ತೂಕವನ್ನು ಕೆಜಿಯ ದರದಿಂದ ಗುಣಿಸಿದರೆ ಮಟೀರಿಯಲ್ ಖರ್ಚು ಕೈಗೆ ಬಂತು ಎಂಬ ನಂಬಿಕೆ ಡಿಸೈನ್ ಕಚೇರಿಗಳಲ್ಲಿ ಬೇರೂರಿದೆ, ಪರ್ಚೇಸ್ ವಿಭಾಗಗಳಲ್ಲಿ ಇನ್ನೂ ಆಳವಾಗಿ ಬೇರೂರಿದೆ. ಕೊಟೇಷನ್ನುಗಳನ್ನು ಇದರಿಂದಲೇ ಅಳೆಯುತ್ತಾರೆ, ಇದನ್ನೇ ಮುಂದಿಟ್ಟು ಚೌಕಾಸಿ ಮಾಡುತ್ತಾರೆ. ಕಡಿದು ತಯಾರಿಸುವ ಭಾಗಗಳ ಮಟ್ಟಿಗೆ ಈ ನಂಬಿಕೆ ತಪ್ಪು. ನೂರಕ್ಕೆ ಐದೋ ಹತ್ತೋ ಆಚೀಚೆಯಾಗುವ ತಪ್ಪಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇದು ಮೂರು, ನಾಲ್ಕು ಪಟ್ಟಿನ ತಪ್ಪು. ಅದಕ್ಕಿಂತ ಕೆಟ್ಟದ್ದೆಂದರೆ, ಖರ್ಚು ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಅದನ್ನು ತಡೆಯಬಲ್ಲ ಡಿಸೈನರ್ ಕಣ್ಣಿನಿಂದಲೇ ಇದು ಮರೆಮಾಡುತ್ತದೆ.

ಒಂದು ಸಾಧಾರಣ ಜಾಬನ್ನೇ ತೆಗೆದುಕೊಳ್ಳೋಣ. ಒಂದು ತುದಿಯಲ್ಲಿ ಫ್ಲ್ಯಾಂಜ್ ಇರುವ ಶಾಫ್ಟ್. ಫ್ಲ್ಯಾಂಜಿನ ವ್ಯಾಸ 120 ಮಿಮೀ, ದಪ್ಪ 20 ಮಿಮೀ. ಅದರಾಚೆ 50 ಮಿಮೀ ವ್ಯಾಸದ ಶಾಫ್ಟ್ 230 ಮಿಮೀ ಉದ್ದ. ಒಟ್ಟು ಉದ್ದ 250 ಮಿಮೀ. ವಸ್ತು ಇಎನ್8 ಉಕ್ಕು. ಫ್ಲ್ಯಾಂಜಿನ ಘನಫಲ ಸುಮಾರು 226 ಘನ ಸೆಂಮೀ, ಶಾಫ್ಟಿನದು 452. ಎರಡೂ ಸೇರಿ 678 ಘನ ಸೆಂಮೀ. ಉಕ್ಕಿನ ಸಾಂದ್ರತೆ 7.85 ಎಂದರೆ ತೂಕ 5.32 ಕೆಜಿ. ಕೆಜಿಗೆ 80 ರೂಪಾಯಿ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ ಮಟೀರಿಯಲ್ ಖರ್ಚು 426 ರೂಪಾಯಿ. ಗುಣಾಕಾರದಲ್ಲಿ ಏನೂ ದೋಷವಿಲ್ಲ. ಮಾಡಿ ಮುಗಿಸಿದ ಜಾಬನ್ನು ತಕ್ಕಡಿಯಲ್ಲಿಟ್ಟರೆ ಅದು ಐದೂ ಕಾಲು ಕೆಜಿಯ ಆಸುಪಾಸೇ ತೂಗುತ್ತದೆ. ಆದರೆ ಉಕ್ಕಿನ ಅಂಗಡಿಯಲ್ಲಿ ಈ ಆಕಾರದ ಉಕ್ಕು ಸಿಗುವುದಿಲ್ಲ. ಅಲ್ಲಿ ಸಿಗುವುದು ರೌಂಡ್ ಬಾರ್, ಪ್ಲೇಟ್, ಫ್ಲ್ಯಾಟ್. ನಾವು ಹಣ ಕೊಡುವುದು ಅವುಗಳ ತೂಕಕ್ಕೆ.

ಈ ಜಾಬನ್ನು ಬಾರಿನಿಂದ ಲೇತಿನಲ್ಲಿ ಕಡಿಯುವುದಾದರೆ ಬಾರಿನ ವ್ಯಾಸವನ್ನು ನಿರ್ಧರಿಸುವುದು ಫ್ಲ್ಯಾಂಜ್. 120 ಮಿಮೀ ಶುದ್ಧವಾಗಿ ಸಿಗಬೇಕಾದರೆ 125ರ ಬಾರ್ ಬೇಕು; ಮೇಲಿನ ಕರಿ ಪದರ ಹೋಗಲು ಅಷ್ಟಾದರೂ ಅಲೋಯನ್ಸ್ ಇರಲೇಬೇಕು. ಉದ್ದದಲ್ಲಿ ಎರಡೂ ಬದಿಯ ಫೇಸಿಂಗಿಗೆ ಎರಡೆರಡು ಮಿಮೀ, ಬ್ಯಾಂಡ್‌ಸಾ ತಿನ್ನುವ ಮೂರು ಮಿಮೀ, ಒಟ್ಟು 257 ಮಿಮೀ. ನಮ್ಮ ವರ್ಕ್‌ಶಾಪುಗಳಲ್ಲಿ ಎಲ್ಲರ ಬಾಯಲ್ಲಿರುವ ಸೂತ್ರವೊಂದಿದೆ: ಮಿಮೀಯಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಉಕ್ಕಿನ ಬಾರಿನ ತೂಕ ಕೆಜಿಯಲ್ಲಿ ಸಿಗುತ್ತದೆ. ಆ 162 ಬೇರೆಲ್ಲಿಂದಲೋ ಬಂದದ್ದಲ್ಲ. ವೃತ್ತದ ವಿಸ್ತೀರ್ಣವನ್ನೂ 7.85ರ ಸಾಂದ್ರತೆಯನ್ನೂ ಒಂದೇ ಅಂಕಿಯಲ್ಲಿ ಅಡಕ ಮಾಡಿದ್ದಾರೆ, ಅಷ್ಟೆ. 125ರ ವರ್ಗ 15,625. ಅದನ್ನು 162ರಿಂದ ಭಾಗಿಸಿದರೆ ಮೀಟರಿಗೆ 96.45 ಕೆಜಿ, 257 ಮಿಮೀಗೆ 24.8 ಕೆಜಿ. ಮಾಡೆಲ್ ಹೇಳಿದ್ದು 5.3. ತಂದ ಉಕ್ಕಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಜಾಬಿನಲ್ಲಿ ಉಳಿಯುತ್ತದೆ, ಮಿಕ್ಕದ್ದೆಲ್ಲ ಚಿಪ್ಸ್ ಆಗಿ ಲೇತಿನ ಕೆಳಗೆ ಬೀಳುತ್ತದೆ. ಅದೇ 80 ರೂಪಾಯಿ ದರದಲ್ಲಿ ಉಕ್ಕಿನ ಬಿಲ್ 1,984 ರೂಪಾಯಿ. ಆರು ಮೀಟರಿನ ಬಾರಿನಲ್ಲಿ ಇಂಥ 23 ತುಂಡುಗಳು ಬಂದು ಕೊನೆಗೆ 89 ಮಿಮೀ ಉಳಿಯುತ್ತದೆ. ಆ ಎಂಟೂವರೆ ಕೆಜಿಯ ತುಂಡಿನಲ್ಲಿ ಈ ಜಾಬಂತೂ ಆಗದು. ಅದರ ಖರ್ಚನ್ನೂ 23 ಜಾಬುಗಳೇ ಹೊರಬೇಕು.

ಇದಕ್ಕೆ ಮೊದಲು ಬರುವ ಉತ್ತರ ನನಗೆ ಗೊತ್ತಿದೆ: ಮಾಡೆಲ್ ತೂಕಕ್ಕೆ ವೇಸ್ಟೇಜ್ ಎಂದು ನೂರಕ್ಕೆ ಇಪ್ಪತ್ತೋ ಇಪ್ಪತ್ತೈದೋ ಸೇರಿಸಿಯೇ ಸೇರಿಸುತ್ತೇವಲ್ಲ ಎನ್ನುತ್ತಾರೆ. ಈ ಇಪ್ಪತ್ತೈದು ಎಲ್ಲಿಂದ ಬಂತು ಎಂದು ನೋಡಿದರೆ ಅದರ ಮಿತಿಯೂ ಗೊತ್ತಾಗುತ್ತದೆ. ಮೇಲಿನ ಜಾಬಿನಿಂದ ಫ್ಲ್ಯಾಂಜನ್ನು ತೆಗೆದುಹಾಕಿ, 50 ಮಿಮೀ ವ್ಯಾಸದ 250 ಮಿಮೀ ಉದ್ದದ ಬರೀ ಶಾಫ್ಟ್ ಎಂದುಕೊಳ್ಳಿ. ಮಾಡೆಲ್ ತೂಕ 3.85 ಕೆಜಿ. 55ರ ಬಾರ್ ತಂದು 257 ಮಿಮೀ ಕತ್ತರಿಸಿದರೆ 4.8 ಕೆಜಿ. ವ್ಯತ್ಯಾಸ ಸರಿಸುಮಾರು ಇಪ್ಪತ್ತೈದೇ. ಅಂದರೆ ಆ ಶೇಕಡಾವಾರು ಸುಳ್ಳಲ್ಲ. ಅದು ಉದ್ದಕ್ಕೂ ಒಂದೇ ವ್ಯಾಸವಿರುವ ಜಾಬಿಗೆ ಮಾತ್ರ ಸಲ್ಲುವ ಸತ್ಯ. ಅದನ್ನೇ ಫ್ಲ್ಯಾಂಜ್ ಇರುವ ಜಾಬಿಗೆ ಹಾಕಿದರೆ 6.65 ಕೆಜಿ ಬರುತ್ತದೆ, ಬೇಕಾದದ್ದು 24.8. ಹಾಗಾದರೆ ಶೇಕಡಾವಾರನ್ನೇ ದೊಡ್ಡದು ಮಾಡೋಣವೆಂದರೆ ಬರೀ ಶಾಫ್ಟಿನ ಲೆಕ್ಕ ಕೆಡುತ್ತದೆ. ಎಲ್ಲ ಜಾಬುಗಳಿಗೂ ಒಪ್ಪುವ ಒಂದು ಅಂಕಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಏಕೆಂದರೆ ಕಡಿದು ಬಿಸಾಡುವ ಪ್ರಮಾಣವು ಆಕಾರ ಮತ್ತು ಅದನ್ನು ಸುತ್ತುವರಿದ ಕಚ್ಚಾ ತುಂಡಿನ ನಡುವಿನ ಸಂಬಂಧ. ಆಕಾರದ ಘನಫಲವೊಂದರಿಂದ ಅದನ್ನು ಊಹಿಸಲಾಗದು.

ಎರಡನೆಯ ಉತ್ತರ ಇನ್ನೂ ಗಟ್ಟಿಯಾಗಿ ಬರುತ್ತದೆ. ಚಿಪ್ಸ್ ಗುಜರಿಗೆ ಹೋಗುತ್ತದೆ, ಅದರ ಹಣ ವಾಪಸು ಬರುತ್ತದೆ, ಆದ್ದರಿಂದ ನಿಜವಾಗಿ ಖರ್ಚಾದದ್ದು ಜಾಬಿನಲ್ಲಿ ಉಳಿದ ಉಕ್ಕು ಮಾತ್ರ ಎಂಬ ವಾದ. ಚಿಪ್ಸ್ ಅನ್ನೂ ಬಾರಿನ ದರಕ್ಕೇ ಕೊಳ್ಳುವವರಿದ್ದರೆ ಇದು ಸರಿಯಾಗುತ್ತಿತ್ತು. ಗುಜರಿಯವನು ಕೂಲಂಟಿನಲ್ಲಿ ನೆಂದ, ಬೇರೆ ಬೇರೆ ಗ್ರೇಡು ಬೆರೆತ ಟರ್ನಿಂಗ್ ಚಿಪ್ಸಿಗೆ ಬಾರಿನ ದರದ ಒಂದು ಭಾಗವನ್ನಷ್ಟೇ ಕೊಡುತ್ತಾನೆ. ಲೆಕ್ಕಕ್ಕೆ ಕೆಜಿಗೆ 28 ರೂಪಾಯಿ ಎಂದಿಟ್ಟುಕೊಳ್ಳೋಣ. 19.5 ಕೆಜಿಗೆ 546 ರೂಪಾಯಿ. 1,984ರಿಂದ ಕಳೆದರೆ 1,438. ಅಂದರೆ ಗುಜರಿಯ ಹಣವನ್ನು ಪೂರ್ತಿ ಜಮಾ ಹಿಡಿದರೂ ನಿಜವಾದ ಖರ್ಚು ಮಾಡೆಲಿನ ಅಂದಾಜಿಗಿಂತ ಮೂರು ಪಟ್ಟಿಗೂ ಹೆಚ್ಚು. ಜೊತೆಗೆ ಉಕ್ಕಿನ ಬಿಲ್ಲನ್ನು ಮೊದಲೇ ತೀರಿಸಬೇಕು, ಗುಜರಿಯ ಹಣ ಬರುವುದು ಆಮೇಲೆ. ಗುಜರಿಯ ಲೆಕ್ಕವನ್ನು ಬಿಡಿ ಎಂದು ಹೇಳುತ್ತಿಲ್ಲ. ಅಲ್ಯೂಮಿನಿಯಂ, ಹಿತ್ತಾಳೆಗಳಲ್ಲಿ ಅದು ದೊಡ್ಡ ಮೊತ್ತ, ಬೇರೆ ಬೇರೆಯಾಗಿ ಕೂಡಿಟ್ಟರೆ ಇನ್ನೂ ದೊಡ್ಡದು. ಆದರೆ ಅದನ್ನು ಲೆಕ್ಕ ಹಾಕಬೇಕಾದರೂ ಮೊದಲು ಎಷ್ಟು ಉಕ್ಕು ತಂದೆವು ಎಂಬುದು ಗೊತ್ತಿರಬೇಕು. ಮಾಡೆಲ್ ತೂಕದಿಂದ ಶುರುಮಾಡಿದವರಿಗೆ ಆ ಅಂಕಿಯೇ ಇರುವುದಿಲ್ಲ.

ಈಗ ನನ್ನ ವಾದದ ನಡುಮಧ್ಯಕ್ಕೆ ಬರುತ್ತೇನೆ. ಅಂದಾಜು ತಪ್ಪಿದರೆ ಹಣದ ಲೆಕ್ಕ ತಪ್ಪುತ್ತದೆ ಎಂಬುದಷ್ಟೇ ಆಗಿದ್ದರೆ, ವರ್ಷದ ಕೊನೆಗೆ ತಿದ್ದಿಕೊಳ್ಳಬಹುದಿತ್ತು. ಆದರೆ ಈ ಅಂದಾಜು ಡಿಸೈನರನಿಗೆ ತಪ್ಪು ದಾರಿ ತೋರಿಸುತ್ತದೆ. ಅದೇ ಜಾಬಿನ ಫ್ಲ್ಯಾಂಜನ್ನು 120ರಿಂದ 100ಕ್ಕೆ ಇಳಿಸಬಹುದೇ ಎಂಬ ಪ್ರಶ್ನೆ ಬಂತೆನ್ನಿ. ಮಾಡೆಲ್ ತೂಕ 0.54 ಕೆಜಿ ಇಳಿಯುತ್ತದೆ. ಉಳಿತಾಯ 43 ರೂಪಾಯಿ ಎಂದು ಪರದೆ ಹೇಳುತ್ತದೆ. ನಲವತ್ತಮೂರು ರೂಪಾಯಿಗಾಗಿ ಬೋಲ್ಟಿನ ವೃತ್ತ ಬದಲಿಸಿ, ಎದುರಿನ ಭಾಗದ ಡ್ರಾಯಿಂಗ್ ತಿದ್ದಿ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ವಾಸ್ತವದಲ್ಲಿ ಬಾರ್ 125ರಿಂದ 105ಕ್ಕೆ ಇಳಿಯುತ್ತದೆ. 105ರ ಬಾರ್ ಮೀಟರಿಗೆ 68 ಕೆಜಿ, 257 ಮಿಮೀಗೆ 17.5 ಕೆಜಿ. ಒಂದು ಜಾಬಿಗೆ 7.3 ಕೆಜಿ ಉಕ್ಕು ಕಡಿಮೆ, 584 ರೂಪಾಯಿ. ಗುಜರಿಯಲ್ಲಿ ಕಡಿಮೆಯಾಗುವ ಹಣವನ್ನು ಕಳೆದರೂ ಸುಮಾರು 395. ಮಾಡೆಲ್ ತೋರಿಸಿದ್ದಕ್ಕಿಂತ ಒಂಬತ್ತು ಪಟ್ಟು. ಏಳು ಕೆಜಿ ಚಿಪ್ಸ್ ತೆಗೆಯುವ ಲೇತಿನ ಸಮಯವೂ ಉಳಿಯುತ್ತದೆ, ಅದನ್ನು ನಾನು ಸೇರಿಸಿಲ್ಲ. ಖರ್ಚು ಕೂತಿದ್ದದ್ದು ಫ್ಲ್ಯಾಂಜಿನ ವ್ಯಾಸದಲ್ಲಿ. ಫ್ಲ್ಯಾಂಜಿನ ತೂಕವನ್ನು ನೋಡುತ್ತಿದ್ದವರಿಗೆ ಅದು ಕಾಣಲಿಲ್ಲ.

ಇದಕ್ಕಿಂತಲೂ ಕೆಟ್ಟ ಸ್ಥಿತಿಯೊಂದಿದೆ. ಖರ್ಚು ಇಳಿಸಿ ಎಂದು ಮೇಲಿನಿಂದ ಒತ್ತಡ ಬಂದಾಗ ಡಿಸೈನರು ಫ್ಲ್ಯಾಂಜಿನಲ್ಲಿ 20 ಮಿಮೀ ವ್ಯಾಸದ ಆರು ತೂತುಗಳನ್ನು ಕೊರೆದು ಹಗುರ ಮಾಡುತ್ತಾರೆ. ಮಾಡೆಲ್ ತೂಕ 0.3 ಕೆಜಿ ಇಳಿಯುತ್ತದೆ, 24 ರೂಪಾಯಿ ಉಳಿಯಿತು ಎಂದು ವರದಿಯಲ್ಲಿ ಬರೆಯುತ್ತಾರೆ. ಬಾರ್ ಅದೇ 125, ತುಂಡು ಅದೇ 257. ಒಂದು ಗ್ರಾಂ ಉಕ್ಕೂ ಕಡಿಮೆ ಕೊಂಡಿಲ್ಲ. ಗುಜರಿಗೆ 300 ಗ್ರಾಂ ಹೆಚ್ಚು ಹೋಗಿ ಎಂಟು ರೂಪಾಯಿ ಬಂತು. ಅದಕ್ಕಾಗಿ ಆರು ತೂತುಗಳ ಡ್ರಿಲ್ಲಿಂಗ್ ಕೂಲಿ ತೆರಬೇಕಾಯಿತು. ಖರ್ಚು ಏರಿತು, ಆದರೆ ಇಳಿಯಿತು ಎಂದು ದಾಖಲಾಯಿತು. ಯಾವ ಕಡೆಗೆ ಹೋಗುತ್ತಿದ್ದೇವೆ ಎಂಬುದನ್ನೇ ತಿರುವುಮುರುವಾಗಿ ಹೇಳುವ ಅಳತೆಯನ್ನು ಅಂದಾಜು ಎನ್ನಲಾಗದು. ವಿಮಾನದಂಥ ಯಂತ್ರದಲ್ಲಿ ತೂಕಕ್ಕೇ ಬೆಲೆಯುಂಟು. ಅಲ್ಲಿ ತೂತು ಕೊರೆಯಲು ಬೇರೆ ಕಾರಣವಿದೆ. ಹಾಗೆಂದು ಆ ಉದ್ಯಮ ಎರಡು ತೂಕಗಳನ್ನು ಬೆರೆಸುವುದಿಲ್ಲ. ಕೊಂಡ ಲೋಹಕ್ಕೂ ಹಾರುವ ಲೋಹಕ್ಕೂ ಇರುವ ಅನುಪಾತವನ್ನು ಅವರು ಬೈ-ಟು-ಫ್ಲೈ ಎಂದು ಕರೆದು ಪ್ರತ್ಯೇಕವಾಗಿ ಅಳೆಯುತ್ತಾರೆ. ಗಟ್ಟಿ ಬ್ಲಾಕಿನಿಂದ ಕಡಿದ ಭಾಗಗಳಲ್ಲಿ ಅದು ಹತ್ತನ್ನೂ ದಾಟುತ್ತದೆ.

ಇಷ್ಟೆಲ್ಲ ಬಾರಿನಿಂದ ಕಡಿಯುವುದಾದರೆ. ಇದೇ ಮಾಡೆಲನ್ನು ಬೇರೆ ದಾರಿಯಲ್ಲೂ ಮಾಡಬಹುದು. 55ರ ಬಾರಿನ ಶಾಫ್ಟಿಗೆ 25 ಮಿಮೀ ಪ್ಲೇಟಿನಿಂದ ಕತ್ತರಿಸಿದ ಬಿಲ್ಲೆಯನ್ನು ವೆಲ್ಡ್ ಮಾಡಿ ಆಮೇಲೆ ಟರ್ನಿಂಗ್ ಮಾಡಿದರೆ, 130 ಮಿಮೀ ಚೌಕದ ಪ್ಲೇಟಿಗೆ 3.3 ಕೆಜಿ, ಬಾರಿಗೆ 4.8 ಕೆಜಿ, ಒಟ್ಟು 8.1 ಕೆಜಿ ಉಕ್ಕು ಸಾಕು. ಫೋರ್ಜಿಂಗ್ ಮಾಡಿಸಿದರೆ ಎಲ್ಲ ಕಡೆ ಮೂರು ಮಿಮೀ ಅಲೋಯನ್ಸ್ ಬಿಟ್ಟರೂ ಸುಮಾರು 7 ಕೆಜಿಯ ತುಂಡು ಕೈಗೆ ಬರುತ್ತದೆ. ಆದರೆ ಫೋರ್ಜಿಂಗಿನ ಕೆಜಿ ದರ ಬಾರಿಗಿಂತ ಹೆಚ್ಚು, ಡೈ ಖರ್ಚನ್ನು ಎಷ್ಟು ಜಾಬುಗಳಿಗೆ ಹಂಚುತ್ತೇವೆ ಎಂಬುದೂ ಮುಖ್ಯ. ವೆಲ್ಡಿಂಗಿಗೂ ತನ್ನದೇ ತಕರಾರಿದೆ. ಇಎನ್8ರಲ್ಲಿ ಇಂಗಾಲ ನೂರಕ್ಕೆ 0.4ರಷ್ಟಿದೆ; ಮೊದಲೇ ಬಿಸಿ ಮಾಡದೆ ವೆಲ್ಡ್ ಮಾಡಿದರೆ ಸೀಳು ಬಿಡುವ ಅಪಾಯವಿದೆ, ತಿರುಚುವ ಬಲ ಮತ್ತೆ ಮತ್ತೆ ಬೀಳುವ ಶಾಫ್ಟಿನಲ್ಲಿ ಆ ಜೋಡಣೆಯೇ ದುರ್ಬಲ ಜಾಗ. ಯಾವ ದಾರಿ ಸರಿ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಒಂದೇ ಮಾಡೆಲ್, ಒಂದೇ ಘನಫಲ, ಒಂದೇ ಸಾಂದ್ರತೆ. ಬೇಕಾಗುವ ಉಕ್ಕು ಮಾತ್ರ ಒಂದು ದಾರಿಯಲ್ಲಿ 25 ಕೆಜಿ, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 7. ಖರ್ಚನ್ನು ತೀರ್ಮಾನಿಸುವ ಸಂಗತಿ ಮಾಡೆಲಿನೊಳಗೆ ಇಲ್ಲವೇ ಇಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮಾಡೆಲ್ ತೂಕದ ಸುತ್ತ ಚರ್ಚೆ ನಡೆದಾಗ ಜನ ಹೆಚ್ಚಾಗಿ ಜಗ್ಗಾಡುವುದು ಸಾಂದ್ರತೆಯ ಬಗ್ಗೆ. ಉಕ್ಕಿಗೆ 7.85 ಹಾಕಬೇಕೋ 7.8 ಸಾಕೋ, ಸ್ಟೇನ್‌ಲೆಸ್ 304ಕ್ಕೆ 7.93 ಸರಿಯೋ 8 ಸರಿಯೋ ಎಂಬ ಮಾತು. ಈ ವ್ಯತ್ಯಾಸಗಳೆಲ್ಲ ನೂರಕ್ಕೆ ಒಂದರೊಳಗಿನವು. ರೋಲಿಂಗಿನಲ್ಲಿ 125ರ ಬಾರ್ 126 ಆಗಿ ಬಂದರೆ ಅದೊಂದರಿಂದಲೇ ತೂಕ ನೂರಕ್ಕೆ 1.6 ಏರುತ್ತದೆ. ಸಾಂದ್ರತೆಯಿಂದ ದೊಡ್ಡ ಅನಾಹುತ ಆಗುವುದು ಅದನ್ನು ಕೊಡುವುದನ್ನೇ ಮರೆತಾಗ. ಸಾಲಿಡ್‌ವರ್ಕ್ಸ್‌ನಲ್ಲಿ ವಸ್ತುವನ್ನು ಆರಿಸದೆ ಬಿಟ್ಟರೆ ಘನ ಮೀಟರಿಗೆ 1000 ಕೆಜಿ, ಅಂದರೆ ನೀರಿನ ಸಾಂದ್ರತೆಯನ್ನೇ ಹಿಡಿಯುತ್ತದೆ. ನಮ್ಮ ಶಾಫ್ಟ್ ಆಗ 0.678 ಕೆಜಿ. ಒಂಟಿ ಜಾಬಿನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಮುನ್ನೂರು ಭಾಗಗಳ ಅಸೆಂಬ್ಲಿಯಲ್ಲಿ ಹತ್ತಾರು ಭಾಗಗಳು ಹೀಗೆ ಉಳಿದರೆ ಯಾರಿಗೂ ತಿಳಿಯುವುದಿಲ್ಲ. ಪತ್ತೆ ಮಾಡುವ ದಾರಿ ಸುಲಭ: ಕೆಜಿಯಲ್ಲಿ ತೂಕವೂ ಲೀಟರಿನಲ್ಲಿ ಘನಫಲವೂ ಒಂದೇ ಅಂಕಿಯಾಗಿದ್ದರೆ ಆ ಭಾಗಕ್ಕೆ ವಸ್ತು ಕೊಟ್ಟಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಬೇರಿಂಗ್, ಮೋಟರುಗಳಂಥ ಕೊಂಡು ತರುವ ಭಾಗಗಳಲ್ಲಿ ಆಗುತ್ತದೆ. ಹೊರಗಿನ ಆಕಾರವನ್ನಷ್ಟೇ ತೋರಿಸಲು ಒಳಗೆಲ್ಲ ಗಟ್ಟಿಯಾಗಿ ಮಾಡಿದ ಮಾಡೆಲಿಗೆ ಉಕ್ಕಿನ ಸಾಂದ್ರತೆ ಹಾಕಿದರೆ ಮೋಟರು ಇರುವುದಕ್ಕಿಂತ ಬಹಳ ಭಾರವಾಗಿ ಕಾಣುತ್ತದೆ. ಅಲ್ಲಿ ಕ್ಯಾಟಲಾಗಿನ ತೂಕವನ್ನೇ ಕೈಯಾರೆ ತುಂಬಬೇಕು. ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ಎಲ್ಲವನ್ನೂ ತಿದ್ದಿದ ಮೇಲೂ ಸಿಗುವುದು ಮುಗಿದ ಜಾಬಿನ ತೂಕವೇ ಹೊರತು ಕೊಂಡ ಲೋಹದ ತೂಕವಲ್ಲ.

ಮುಗಿದ ಜಾಬಿನ ತೂಕಕ್ಕೆ ಕೆಲಸವಿಲ್ಲ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಕ್ರೇನಿನ ಸಾಮರ್ಥ್ಯ ನೋಡಲು, ಗುರುತ್ವ ಕೇಂದ್ರ ಕಂಡುಹಿಡಿಯಲು, ಲಾರಿ ಬಾಡಿಗೆ ಅಂದಾಜಿಸಲು ಅದೇ ಬೇಕು. ಎರಕದ ಕೆಲಸದಲ್ಲಿ ಖರ್ಚಿಗೂ ಅದು ಹತ್ತಿರ ಬರುತ್ತದೆ. ಬೆಳಗಾವಿಯ ಫೌಂಡ್ರಿಯಿಂದ ಎರಕ ಕೊಳ್ಳುವವರು ಸಾಮಾನ್ಯವಾಗಿ ಎರಕದ ತುಂಡಿನ ತೂಕಕ್ಕೆ ಕೆಜಿ ದರ ಕೊಡುತ್ತಾರೆ. ರೈಸರ್, ರನ್ನರುಗಳ ಲೋಹ ಮತ್ತೆ ಕುಲುಮೆಗೇ ಹೋಗುತ್ತದೆ, ಅದರ ಖರ್ಚು ದರದೊಳಗೇ ಅಡಗಿರುತ್ತದೆ. ಆದರೆ ಅಲ್ಲಿಯೂ ತೂಕ ಹಾಕಬೇಕಾದದ್ದು ಮಷಿನಿಂಗ್ ಮುಗಿದ ಮಾಡೆಲನ್ನಲ್ಲ, ಎರಕದ ಮಾಡೆಲನ್ನು: ಮಷಿನಿಂಗ್ ಅಲೋಯನ್ಸ್ ಸೇರಿಸಿ, ಡ್ರಾಫ್ಟ್ ಕೊಟ್ಟು, ಕೋರ್ ಇಡಲಾಗದ ಸಣ್ಣ ತೂತುಗಳನ್ನೆಲ್ಲ ಮುಚ್ಚಿ. ಹಾಗೆ ಮಾಡಿದ ದಿನ ಮಾಡೆಲಿನ ಘನಫಲದಿಂದ ಬೆಲೆ ಕಟ್ಟುವುದಕ್ಕೆ ನನ್ನ ಆಕ್ಷೇಪವಿಲ್ಲ. ಏಕೆಂದರೆ ಆಗ ಆ ಘನಫಲ ಹಣ ಕೊಡುವ ವಸ್ತುವಿನದೇ ಆಗಿರುತ್ತದೆ.

ಸಾಫ್ಟ್‌ವೇರಿನಲ್ಲೇ ಕಾಸ್ಟಿಂಗ್ ಲೆಕ್ಕದ ಸೌಲಭ್ಯ ಇದೆಯಲ್ಲ, ಅದು ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ಕೆಲವರು ಹೇಳಬಹುದು. ನಿಜ, ಇದೆ. ಆದರೆ ಆ ಸೌಲಭ್ಯ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಕಚ್ಚಾ ತುಂಡು ಯಾವುದು ಎಂಬುದೇ: ಬ್ಲಾಕೋ, ಪ್ಲೇಟೋ, ದುಂಡು ಬಾರೋ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಅದಕ್ಕೂ ಆಗುವುದಿಲ್ಲ. ಅಂದರೆ ಆ ಸಾಫ್ಟ್‌ವೇರ್ ನನ್ನ ಪಕ್ಷದಲ್ಲೇ ಇದೆ. ಅಂಥ ಸೌಲಭ್ಯ ಇಲ್ಲದವರಿಗೂ ಇದು ಭಾರವಾದ ಕೆಲಸವಲ್ಲ. ಫ್ರೀಕ್ಯಾಡ್ ಬಳಸುವವರು ಎರಡೂ ತೂಕವನ್ನು ನಾಲ್ಕು ಸಾಲಿನಲ್ಲಿ ಪಡೆಯಬಹುದು:

```
v = App.ActiveDocument.getObject("Body").Shape.Volume
print(v * 7.85e-6)
d, L = 125, 257
print(d**2 / 162 * L / 1000)
```

ಮೊದಲ ಎರಡು ಸಾಲು ಘನ ಮಿಮೀಯಲ್ಲಿರುವ ಘನಫಲದಿಂದ 5.32 ಕೆಜಿ ಕೊಡುತ್ತವೆ, ಅದನ್ನು ಯಂತ್ರವೇ ಮಾಡಬಲ್ಲದು. ಮುಂದಿನ ಸಾಲಿನ 125 ಮತ್ತು 257 ಎಂಬ ಎರಡು ಅಂಕಿಗಳನ್ನು ಮಾತ್ರ ಮನುಷ್ಯನೇ ತುಂಬಬೇಕು. ಅವನ್ನು ತುಂಬಲು ಯಾವ ಬಾರ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಫೇಸಿಂಗಿಗೆ ಎಷ್ಟು ಬಿಡಬೇಕು, ಜಾಬನ್ನು ಯಾವ ದಾರಿಯಲ್ಲಿ ಮಾಡುತ್ತಾರೆ ಎಂಬುದು ತಿಳಿದಿರಬೇಕು. ಮಟೀರಿಯಲ್ ಖರ್ಚಿನ ಜ್ಞಾನವೆಲ್ಲ ಆ ಎರಡು ಅಂಕಿಗಳಲ್ಲಿದೆ.

ಈ ತಪ್ಪಿನ ಹೊರೆ ಬೀಳುವುದು ಚಿಕ್ಕ ವರ್ಕ್‌ಶಾಪಿನ ಮೇಲೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ನಾಲ್ಕು ಲೇತು ಇಟ್ಟುಕೊಂಡವರ ಮುಂದೆ ಪರ್ಚೇಸಿನವರು 5.32 ಕೆಜಿ ಎಂಬ ಅಂಕಿಯನ್ನಿಟ್ಟು, ಮಟೀರಿಯಲ್ಲಿಗೆ 426ಕ್ಕಿಂತ ಹೆಚ್ಚು ಒಪ್ಪುವುದಿಲ್ಲ ಎಂದರೆ ಅವರಿಗಿರುವ ದಾರಿ ಎರಡೇ. ಆರ್ಡರ್ ಬಿಡಬೇಕು, ಇಲ್ಲವೇ ಉಳಿದ ಸಾವಿರ ರೂಪಾಯಿಯನ್ನು ಮಷಿನಿಂಗ್ ಕೂಲಿಯಲ್ಲಿ ಸೇರಿಸಿ ತೋರಿಸಬೇಕು. ಹೆಚ್ಚಿನವರು ಎರಡನೆಯದನ್ನು ಮಾಡುತ್ತಾರೆ, ಅವರನ್ನು ದೂರುವಂತಿಲ್ಲ. ಆಗ ಕೊಳ್ಳುವ ಕಂಪನಿಯ ದಾಖಲೆಯಲ್ಲಿ ಉಕ್ಕು ಅಗ್ಗವಾಗಿಯೂ ಕೂಲಿ ದುಬಾರಿಯಾಗಿಯೂ ಕಾಣುತ್ತದೆ. ಮುಂದಿನ ಬಾರಿ ಅವರು ಇಳಿಸಲು ನೋಡುವುದು ಕೂಲಿಯನ್ನು. ಫ್ಲ್ಯಾಂಜ್ 120 ಏಕೆ ಎಂಬ ಪ್ರಶ್ನೆ ಡಿಸೈನರ್ ಮೇಜಿಗೆ ತಲುಪುವುದೇ ಇಲ್ಲ.

ಆದ್ದರಿಂದ ಡ್ರಾಯಿಂಗ್ ಮಾಡುವವರಲ್ಲೂ ಕೊಟೇಷನ್ ಕೇಳುವವರಲ್ಲೂ ನನ್ನ ಕೋರಿಕೆ ಇಷ್ಟು. ಫಿನಿಶ್ ವೇಟ್ ಎಂಬ ಕಾಲಮ್ಮಿನ ಪಕ್ಕದಲ್ಲಿ ಇನ್‌ಪುಟ್ ವೇಟ್ ಎಂದು ಇನ್ನೊಂದು ಕಾಲಮ್ ಹಾಕಿ, ಅದರಲ್ಲಿ ಕಚ್ಚಾ ತುಂಡಿನ ಅಳತೆಯನ್ನೂ ಬರೆಯಿರಿ: ರೌಂಡ್ 125, ಉದ್ದ 257, 24.8 ಕೆಜಿ. ದರವನ್ನು ಈ ಎರಡನೆಯ ಕಾಲಮ್ಮಿನಿಂದ ಮಾತ್ರ ಗುಣಿಸಿ. ಗುಜರಿಯ ಹಣವನ್ನು ಕಳೆಯುವುದಿದ್ದರೆ ಬೇರೆ ಸಾಲಿನಲ್ಲಿ, ಅದರದೇ ದರದಲ್ಲಿ ಕಳೆಯಿರಿ. ಎರಡು ಕಾಲಮ್ಮುಗಳ ನಡುವಿನ ಅಂತರ ಎರಡು ಪಟ್ಟು ದಾಟಿದ ಯಾವುದೇ ಡ್ರಾಯಿಂಗನ್ನು ವೆಂಡರಿಗೆ ಕಳಿಸುವ ಮೊದಲು ಡಿಸೈನರ್ ಬಳಿಗೆ ವಾಪಸು ಕಳಿಸಿ.